ಲೋಟದ ತಳದಲ್ಲಿ ಉಳಿದ ಪುಡಿ

ಬಲ ಹೆಚ್ಚಲಿ ಅಂತ ಜಿಮ್‌ಗೆ ಹೋಗುವವರು ನೀರಲ್ಲಿ ಕದಡಿ ಕುಡಿಯುವ ಪುಡಿ ಕ್ರಿಯಾಟಿನ್. ಅದರ ಪ್ರಯೋಗವೊಂದರ ಆರನೇ ದಿನ. ತೂಕದ ಯಂತ್ರದಿಂದ ಕೆಳಗಿಳಿದ ಹುಡುಗ ನಗುತ್ತಾ ಹೇಳಿದ: "ಸರ್, ನನಗೆ ಬಂದಿರೋದು ಅಸಲಿ ಪುಡಿನೇ." ಯಾರಿಗೆ ಯಾವ ಪುಡಿ ಹೋಗಿದೆ ಅಂತ ನನಗೂ ಗೊತ್ತಿರಲಿಲ್ಲ, ಗೊತ್ತಿರಲೂಬಾರದು. ಡಬಲ್ ಬ್ಲೈಂಡ್ ಅಂದರೆ ಅದೇ ಅಲ್ವಾ? ಹೇಗೆ ಹೇಳ್ತೀಯ ಅಂತ ಕೇಳಿದೆ. "ಒಂದು ಕೆಜಿ ಜಾಸ್ತಿ ಆಗಿದೀನಿ. ಕುಡಿದ ಮೇಲೆ ಲೋಟದ ತಳದಲ್ಲಿ ಮರಳಿನ ಹಾಗೆ ಉಳಿಯತ್ತೆ ಬೇರೆ."

ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಮೊದಲ 5-7 ದಿನ ದಿನಕ್ಕೆ ಸುಮಾರು 20 ಗ್ರಾಂ ಕೊಡುವುದು ಇಂಥ ಪ್ರಯೋಗಗಳಲ್ಲಿ ರೂಢಿ. ಸ್ನಾಯುವಿನಲ್ಲಿ ಕ್ರಿಯಾಟಿನ್ ತುಂಬಿಕೊಂಡರೆ ಜೊತೆಗೆ ನೀರೂ ಬರುತ್ತದೆ, ತೂಕ ಏರುತ್ತದೆ. ಕ್ರಿಯಾಟಿನ್ ಮೊನೊಹೈಡ್ರೇಟ್ ತಣ್ಣೀರಲ್ಲಿ ಸರಿಯಾಗಿ ಕರಗುವುದಿಲ್ಲ. ಹೋಲಿಕೆಗೆ ಇನ್ನೊಂದು ಗುಂಪಿಗೆ ಪ್ಲಸೀಬೊ, ಅಂದರೆ ಅಸಲಿಯಂತೆ ಕಾಣುವ ಹುಸಿ ಪುಡಿ, ಆಗಿ ಕೊಡುವ ಮಾಲ್ಟೋಡೆಕ್ಸ್‌ಟ್ರಿನ್ ಚೆನ್ನಾಗಿ ಕರಗುತ್ತದೆ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೇನು, ಮೈಯೇ ಗುಟ್ಟು ಬಿಟ್ಟುಕೊಡುತ್ತದೆ.

ಗೊತ್ತಾದರೆ ಏನಾಯಿತು? ಗರಿಷ್ಠ ಭಾರ ಎತ್ತುವ ಪರೀಕ್ಷೆ ರಕ್ತಪರೀಕ್ಷೆಯ ಹಾಗಲ್ಲ. ಅಲ್ಲಿ ಮನಸ್ಸೂ ಭಾರ ಎತ್ತುತ್ತದೆ. 2006ರಲ್ಲಿ ಕ್ರಿಸ್ ಬೀಡಿ ಮತ್ತು ಸಂಗಡಿಗರು ಸೈಕಲ್ ಸ್ಪರ್ಧಿಗಳಿಗೆ ಒಂದು ಸಲ ಪ್ಲಸೀಬೊ, ಒಂದು ಸಲ ಕಡಿಮೆ ಕೆಫೀನ್, ಒಂದು ಸಲ ಜಾಸ್ತಿ ಕೆಫೀನ್ ಕೊಡುತ್ತೇವೆ ಎಂದು ಹೇಳಿ, ಪ್ರತಿ ಸಲವೂ ಪ್ಲಸೀಬೊವನ್ನೇ ಕೊಟ್ಟರು. ಜಾಸ್ತಿ ಕೆಫೀನ್ ಸಿಕ್ಕಿದೆ ಎಂದು ನಂಬಿದಾಗ ಅವರ ಪವರ್ ಸುಮಾರು 3% ಏರಿತು. ಸಿಕ್ಕಿದ್ದು ಪ್ಲಸೀಬೊ ಎಂದು ನಂಬಿದಾಗ 1%ಗಿಂತ ಸ್ವಲ್ಪ ಜಾಸ್ತಿ ಇಳಿಯಿತು. ಇದ್ದದ್ದು ಬರೀ 6 ಜನ. ಹಾಗಾಗಿ ಇದನ್ನೇ ದೊಡ್ಡ ಸಾಕ್ಷಿ ಅಂದರೆ ನನ್ನ ಮುಂದಿನ ಮಾತಿಗೆ ನಾನೇ ಅಡ್ಡ ಬಂದ ಹಾಗೆ.

ಆ ಇಳಿತವನ್ನು ಮಾತ್ರ ಗಮನಿಸಿ. ಕ್ರಿಯಾಟಿನ್ ಗುಂಪು ಹುರುಪಿನಿಂದ ಎತ್ತಿ, ಪ್ಲಸೀಬೊ ಗುಂಪು "ನಮಗೆ ಸುಮ್ನೆ ಪುಡಿ ಕೊಟ್ಟಿದಾರೆ" ಅಂತ ಸಪ್ಪೆಯಾದರೆ, ಎರಡರ ನಡುವಿನ ಅಂತರ ಎರಡೂ ಕಡೆಯಿಂದ ಹಿಗ್ಗುತ್ತದೆ. ಅದಷ್ಟೂ ಕ್ರಿಯಾಟಿನ್ ಖಾತೆಗೆ ಹೋಗುತ್ತದೆ.

ಈಗ ಸಂಖ್ಯೆಯ ತೊಂದರೆ. ಒಂದು ಲೆಕ್ಕ ಹಾಕೋಣ, ಅಂಕಿಗಳು ನಾನು ಊಹಿಸಿಕೊಂಡವು. ಗುಂಪಿಗೆ 10 ಜನ. ಕೆಲವು ವಾರಗಳ ತರಬೇತಿಯ ನಂತರ ಬೆಂಚ್ ಪ್ರೆಸ್‌ನಲ್ಲಿ ಕ್ರಿಯಾಟಿನ್‌ನಿಂದ ನಿಜಕ್ಕೂ ಸಿಗುವ ಹೆಚ್ಚುವರಿ ಲಾಭ 2.5 ಕೆಜಿ ಎಂದಿಟ್ಟುಕೊಳ್ಳಿ. ಆದರೆ ಜನರು ಒಂದೇ ಥರ ಬೆಳೆಯುವುದಿಲ್ಲ. ಒಬ್ಬ 1 ಕೆಜಿ ಏರಿದರೆ ಇನ್ನೊಬ್ಬ 12 ಏರುತ್ತಾನೆ. ಈ ಏರುಪೇರಿನ ಪ್ರಮಾಣಿತ ವಿಚಲನೆ, ಅಂದರೆ ಜನ ಸರಾಸರಿಯಿಂದ ಎಷ್ಟು ಚದುರಿದ್ದಾರೆ ಅನ್ನುವ ಅಳತೆ, 5 ಕೆಜಿ ಅಂದುಕೊಂಡರೆ, ಗುಂಪುಗಳ ಅಂತರಕ್ಕೆ ಹೆಚ್ಚುಕಡಿಮೆ 4.7 ಕೆಜಿ ಅತ್ತಿತ್ತ ಅನಿಶ್ಚಿತತೆ ಇರುತ್ತದೆ. ಹೀಗಿದ್ದರೆ ಇಂಥ ಐದು ಪ್ರಯೋಗಗಳಲ್ಲಿ ಒಂದರಲ್ಲಿ ಮಾತ್ರ, ಅದೂ ಕಷ್ಟಪಟ್ಟು, ಫಲಿತಾಂಶ "ಗಮನಾರ್ಹ", ಅಂದರೆ ಬರೀ ಆಕಸ್ಮಿಕ ಅಂತ ತಳ್ಳಿಹಾಕಲಾಗದ್ದು, ಎನಿಸಿಕೊಳ್ಳುತ್ತದೆ.

ಇಲ್ಲಿ ಎಡವುವವರು ಜಾಸ್ತಿ. ಉಳಿದ ನಾಲ್ಕನ್ನು ನೋಡಿ "ಕ್ರಿಯಾಟಿನ್ ಕೆಲಸ ಮಾಡಲ್ಲ" ಅನ್ನುವುದು ತಪ್ಪು. ಗೆದ್ದ ಒಂದನ್ನು ನಂಬುವುದೂ ಅಷ್ಟೇ ತಪ್ಪು. ಯಾಕೆಂದರೆ ಗೆಲ್ಲಬೇಕಾದರೆ ಅಂತರ ಸುಮಾರು 4.7 ಕೆಜಿ ದಾಟಲೇಬೇಕು. ಅಂದರೆ ಅಚ್ಚಾಗುವ ಅಂಕಿ ನಿಜದ ಎರಡು ಪಟ್ಟಿನ ಹತ್ತಿರ ಇರುತ್ತದೆ. ಇದೇ ಲಾಭವನ್ನು ಐದರಲ್ಲಿ ನಾಲ್ಕು ಸಲ ಹಿಡಿಯಬೇಕೆಂದರೆ ಗುಂಪಿಗೆ ಸುಮಾರು 64 ಜನ ಬೇಕು. ಅಷ್ಟು ಜನರನ್ನು ವಾರಗಟ್ಟಲೆ ಒಂದೇ ತರಬೇತಿಯಲ್ಲಿ ಹಿಡಿದಿಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಒಬ್ಬರಿಗೇ ಎರಡೂ ಪುಡಿಯನ್ನು ಸರದಿಯಲ್ಲಿ ಕೊಟ್ಟರೆ ಜನ ಕಡಿಮೆ ಸಾಕು. ಆದರೆ ತುಂಬಿದ ಕ್ರಿಯಾಟಿನ್ ಸ್ನಾಯುವಿನಿಂದ ಇಳಿಯಲು ಸಾಮಾನ್ಯವಾಗಿ 4-6 ವಾರ ಬೇಕು. ಅವಸರ ಮಾಡಿದರೆ ಪ್ಲಸೀಬೊ ಸರದಿಯಲ್ಲೂ ಹಳೆಯ ಕ್ರಿಯಾಟಿನ್ ಕೆಲಸ ಮಾಡುತ್ತಿರುತ್ತದೆ.

ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ತೂಕದ ತರಬೇತಿಯ ಜೊತೆ ಕ್ರಿಯಾಟಿನ್ ತೆಗೆದುಕೊಂಡವರಿಗೆ ಬಲದಲ್ಲಿ ಲಾಭ ಕಾಣುತ್ತದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಟ್ಟು ಸೇರಿಸುವುದು ಸಂಖ್ಯೆಯ ಓಲಾಟಕ್ಕೆ ಮದ್ದು, ಊಹಿಸಿಬಿಟ್ಟ ಗುಟ್ಟಿಗಲ್ಲ. ಹತ್ತು ಪ್ರಯೋಗಗಳಲ್ಲೂ ಜನ ಲೋಟದ ತಳ ನೋಡಿದ್ದರೆ, ಹತ್ತರ ಸರಾಸರಿಯೂ ಅದೇ ಕಡೆಗೆ ವಾಲಿರುತ್ತದೆ.

ಹಾಗಾಗಿ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದೇ: "ನಿಮಗೆ ಯಾವುದು ಸಿಕ್ಕಿತು ಅನಿಸುತ್ತೆ?" ಅಂತ ಕೇಳಿದ್ದಾರಾ, ಯಾವಾಗ ಕೇಳಿದ್ದಾರೆ. ಸುಮ್ಮನೆ ಊಹಿಸಿದರೂ ಅರ್ಧದಷ್ಟು ಜನರ ಉತ್ತರ ಸರಿ ಇರುತ್ತದೆ. 20ರಲ್ಲಿ 17 ಜನ ಸರಿ ಹೇಳಿದ್ದರೆ ಗುಟ್ಟು ಒಡೆದಿದೆ. ನಮ್ಮ ಪ್ರಯೋಗದಲ್ಲಿ ಇದನ್ನು ಕೇಳಿದ್ದು ಕೊನೆಯ ಪರೀಕ್ಷೆ ಮುಗಿದ ಮೇಲೆ. ಆಗ ಜಾಸ್ತಿ ಎತ್ತಿದವರೆಲ್ಲ ತಮಗೆ ಸಿಕ್ಕಿದ್ದು ಅಸಲಿ ಅಂದರು. ಎತ್ತಿದ್ದರಿಂದ ಹಾಗನಿಸಿತೋ, ಹಾಗನಿಸಿದ್ದರಿಂದ ಎತ್ತಿದರೋ, ನಾವು ಬಿಡಿಸಿ ಹೇಳಲಾಗಲಿಲ್ಲ. ಆ ಹುಡುಗ ತೂಕದ ಯಂತ್ರದಿಂದ ಇಳಿದ ದಿನವೇ ಎಲ್ಲರನ್ನೂ ಕೇಳಿ ಬರೆದಿಡಬೇಕಿತ್ತು.