ಠರಾವು ಬುಕ್ಕಿನ ಸಾಲು ಸಾಕ್ಷಿಯಾಗುವುದು ಯಾವಾಗ?

ಸಭೆಯ ನಡವಳಿ, ನಮ್ಮ ಶಿರಸಿ ಕಡೆಯ ಮಾತಿನಲ್ಲಿ ಠರಾವು ಬುಕ್ಕು. ಅದರಲ್ಲಿ ಬರೆದು ಅಧ್ಯಕ್ಷರು ಸಹಿ ಹಾಕಿದರೆ ಮುಗಿಯಿತು, ಇನ್ಯಾರೂ ಅದನ್ನು ಪ್ರಶ್ನಿಸುವಂತಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ನಡವಳಿ ಮೇಲ್ನೋಟದ ಸಾಕ್ಷಿ ಅಷ್ಟೇ. ಅದರಲ್ಲಿದ್ದದ್ದು ಸುಳ್ಳು ಎಂದು ಬೇರೆ ದಾಖಲೆಯಿಂದ ತೋರಿಸಿದರೆ ಬಿದ್ದು ಹೋಗುತ್ತದೆ.

ಕಂಪನಿಗಳಿಗೆ ಇದರಲ್ಲಿ ಸ್ವಲ್ಪ ಅನುಕೂಲ ಇದೆ. 2013ರ ಕಂಪನಿ ಕಾಯ್ದೆಯ 118ನೇ ಕಲಂ ಪ್ರಕಾರ ಸಭೆಯಾದ 30 ದಿನದೊಳಗೆ ನಡವಳಿ ಬರೆದು, ಪುಟಗಳಿಗೆ ಕ್ರಮವಾಗಿ ನಂಬರ್ ಹಾಕಿ, ಸಹಿ ಮಾಡಿಟ್ಟಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ ಆ ಸಭೆ ಸರಿಯಾಗಿಯೇ ನಡೆಯಿತು ಎಂದು ಕೋರ್ಟು ಊಹಿಸಿಕೊಳ್ಳುತ್ತದೆ. ಅಂದರೆ ತಪ್ಪು ಎನ್ನುವವರ ಮೇಲೆ ಸಾಬೀತು ಮಾಡುವ ಭಾರ ಬೀಳುತ್ತದೆ. ಆದರೆ ಊರಿನ ಸಂಘ, ದೇವಸ್ಥಾನದ ಸಮಿತಿಗಳಿಗೆ ಕಂಪನಿ ಕಾಯ್ದೆಯ ಈ ಊಹೆ ಅನ್ವಯಿಸುವುದಿಲ್ಲ. ಅಂಥ ಕಡೆ ಮೂಲ ಪುಸ್ತಕವನ್ನೇ ಹಾಜರುಪಡಿಸಿ, ಸಹಿ ಯಾರದ್ದು, ಯಾವಾಗ ಬರೆದದ್ದು ಎಂದು ಹೇಳಬಲ್ಲ ಒಬ್ಬರಿಂದ ಸಾಕ್ಷಿ ಹೇಳಿಸಬೇಕಾಗಿ ಬರಬಹುದು.

ಒಂದು ಉದಾಹರಣೆ ನೋಡೋಣ. ಘಟ್ಟದ ಮೇಲಿನ ಒಂದು ಸಹಕಾರಿ ಸಂಘ ಅಂದುಕೊಳ್ಳಿ. ಮೇ ಕೊನೆಯ ಗಾಳಿಗೆ ಅಡಿಕೆ ಗೋದಾಮಿನ ತಗಡು ಹಾರಿಹೋಯಿತು. ಮಳೆಗಾಲ ತಲೆ ಮೇಲಿತ್ತು, ಸಭೆಗೆ ಕಾಯುವ ಹಾಗಿರಲಿಲ್ಲ. ಕಾರ್ಯದರ್ಶಿ ಅಧ್ಯಕ್ಷರನ್ನು ಕೇಳಿಕೊಂಡು 1,80,000 ರೂಪಾಯಿಯ ತಗಡು ತರಿಸಿದರು. ಬಿಲ್ಲು ಮೇ 28ರದ್ದು, ಚೆಕ್ಕು ಮೇ 30ರದ್ದು. ಸಭೆ ನಡೆದದ್ದು ಜೂನ್ 10ಕ್ಕೆ. ಠರಾವು ಹೀಗಿತ್ತು:

"ಗೋದಾಮಿನ ಮಾಡಿನ ದುರಸ್ತಿ ಕುರಿತು ಚರ್ಚಿಸಿ, ಅಗತ್ಯ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಕೆಲಸ ಪ್ರಾಮಾಣಿಕವಾದದ್ದೇ, ಆದರೆ ಈ ಸಾಲು ಅದನ್ನು ಕಾಪಾಡುವುದಿಲ್ಲ. ಆಡಿಟರ್ ಠರಾವನ್ನು ಒಂಟಿಯಾಗಿ ಓದುವುದಿಲ್ಲ, ಬಿಲ್ಲು, ಚೆಕ್ಕು, ಸಭೆಯ ನೋಟಿಸು, ಹಾಜರಿ ಸಹಿ, ಸಭಾ ಭತ್ಯೆಯ ವೋಚರು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. "ಕೈಗೊಳ್ಳಲು" ಎಂದರೆ ಇನ್ನು ಮುಂದೆ ಮಾಡುವುದು. ದುಡ್ಡು ಹೋಗಿದ್ದು ಹನ್ನೊಂದು ದಿನ ಮೊದಲು! ಎಷ್ಟು ಮೊತ್ತ, ಯಾರಿಗೆ, ಯಾರ ಅನುಮತಿ ಮೇರೆಗೆ ಎಂಬುದೂ ಇಲ್ಲ. ಹಾಗಾಗಿ ಈ ಠರಾವು ಆ ಖರ್ಚಿಗೆ ಆಧಾರವಾಗುವುದಿಲ್ಲ, ಆಕ್ಷೇಪಣೆ ಬರುತ್ತದೆ.

ನಡೆದದ್ದನ್ನು ನಡೆದ ಹಾಗೇ ಬರೆದಿದ್ದರೆ ಹೀಗಿರುತ್ತಿತ್ತು:

"ಗಾಳಿಗೆ ಗೋದಾಮಿನ ತಗಡು ಹಾರಿದ್ದರಿಂದ, ಅಧ್ಯಕ್ಷರ ಒಪ್ಪಿಗೆ ಪಡೆದು ಮೇ 28ರ ಬಿಲ್ಲಿನಂತೆ ರೂ. 1,80,000 ಖರ್ಚು ಮಾಡಿದ್ದನ್ನು ಕಾರ್ಯದರ್ಶಿ ಸಭೆಯ ಮುಂದಿಟ್ಟರು. ತುರ್ತಿನಿಂದಾಗಿ ಕೊಟೇಶನ್ ಪಡೆದಿಲ್ಲ ಎಂದು ತಿಳಿಸಿದರು. ಬಿಲ್ಲು ಪರಿಶೀಲಿಸಿ ಘಟನೋತ್ತರ ಮಂಜೂರಾತಿ ನೀಡಲಾಯಿತು. ದರ ಜಾಸ್ತಿ ಎಂದು ಒಬ್ಬ ನಿರ್ದೇಶಕರು (ಹೆಸರು) ವಿರೋಧಿಸಿದರು. ಉಳಿದ 8 ಜನ ಒಪ್ಪಿದರು."

ಇದರಲ್ಲಿ ಸಂಘಕ್ಕೆ ಮುಜುಗರ ತರುವ ಎರಡು ಸಂಗತಿ ಇವೆ. ಅವು ಇರುವುದರಿಂದಲೇ ಇದರ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ, ಅಲ್ವಾ? ಆದರೂ ಇದಕ್ಕೊಂದು ಮಿತಿ ಇದೆ. ಸಂಘದ ಬೈಲಾದಲ್ಲಿ ಅಷ್ಟು ಮೊತ್ತಕ್ಕೆ ಘಟನೋತ್ತರ ಮಂಜೂರಾತಿಗೆ ಅವಕಾಶವೇ ಇಲ್ಲದಿದ್ದರೆ, ಎಷ್ಟು ಚಂದ ಬರೆದರೂ ಆ ಅಧಿಕಾರ ಹುಟ್ಟುವುದಿಲ್ಲ.

ಇನ್ನು "ಸರ್ವಾನುಮತ". ಸುಮ್ನೆ ರೂಢಿಯಿಂದ ಬರೆಯುವ ಈ ಮಾತು ವಿರೋಧಿಸಿದವರಿಗೆ ಬಹಳ ಅನ್ಯಾಯ ಮಾಡುತ್ತದೆ. ಕಂಪನಿಯ ಮಂಡಳಿ ಸಭೆಯಲ್ಲಿ ಒಪ್ಪದವರ ಹೆಸರು ಬರೆಯುವುದು ಕಡ್ಡಾಯ. ಸಭೆಯಲ್ಲಿ ಇದ್ದೂ ಆಕ್ಷೇಪಿಸದ ನಿರ್ದೇಶಕರನ್ನು ತಪ್ಪಿಗೆ ಹೊಣೆ ಮಾಡಲು ಕಾಯ್ದೆಯಲ್ಲಿ ದಾರಿಯಿದೆ. ಸಹಕಾರ ಸಂಘಗಳಲ್ಲೂ ನಷ್ಟವನ್ನು ಹೊಣೆಗಾರರಿಂದ ವಸೂಲು ಮಾಡುವ ಪ್ರಕರಣ ಎದ್ದರೆ, ವಿರೋಧಿಸಿದವರು ಮೊದಲು ಹುಡುಕುವುದು ಇದೇ ಸಾಲನ್ನು. ವರ್ಷಗಳ ನಂತರ ಬಾಯಲ್ಲಿ "ನಾನು ಬೇಡ ಅಂದಿದ್ದೆ" ಎಂದರೆ, ಎದುರಿಗೆ ಅವರದೇ ಸಹಿ ಇರುವ "ಸರ್ವಾನುಮತ" ನಿಂತಿರುತ್ತದೆ.

ಸಭೆ ಮುಗಿದು ಎಷ್ಟೋ ದಿನದ ನಂತರ ಬರೆದ ಠರಾವು ಕಣ್ಣಿಗೆ ಬೀಳುವುದು ಹೀಗೆ. ಆರು ತಿಂಗಳ ಸಭೆಗಳೆಲ್ಲ ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಸಹಿಯ ಮೇಲಿನ ಖಾಲಿ ಜಾಗದಲ್ಲಿ ಇರುಕಿಸಿದ ಒಂದು ಸಾಲು. ಹಾಜರಿಯಲ್ಲಿ ಸಹಿಯೇ ಇಲ್ಲದವರು ಠರಾವಿಗೆ ಅನುಮೋದಕರು. ಒಂದು ಸಾಲಿನ ಮೇಲೆ ಹೀಗೆ ಅನುಮಾನ ಬಂದರೆ ಇಡೀ ಪುಸ್ತಕದ ತೂಕ ಇಳಿಯುತ್ತದೆ.

ಸಹಿಯಾದ ಮೇಲೆ ತಪ್ಪು ಕಂಡರೆ ಆ ಪುಟವನ್ನು ಮುಟ್ಟಬಾರದು, ವೈಟ್ನರ್ ಅಂತೂ ಬೇಡವೇ ಬೇಡ. ಮುಂದಿನ ಸಭೆಯಲ್ಲಿ "ಜೂನ್ 10ರ ಸಭೆಯ ಇಂಥ ನಂಬರಿನ ಠರಾವಿನಲ್ಲಿ ಹೀಗಿದ್ದದ್ದನ್ನು ಹೀಗೆ ಓದಿಕೊಳ್ಳಬೇಕು, ಕಾರಣ ಇದು" ಎಂದು ಬೇರೆ ಠರಾವು ಮಾಡಬೇಕು. ಹಳೆಯ ಸಾಲು, ತಿದ್ದಿದ ಸಾಲು, ತಿದ್ದಿದ ದಿನ ಮೂರೂ ಓದುವವರಿಗೆ ಕಾಣುವಂತಿರಬೇಕು.