ಲಾರಿ ಹೊರಟ ದಿನವೇ ಸೇಲ್ಸ್ ಬಿಲ್ ಹಾಕಬೇಕಾ?

ಪ್ರಶ್ನೆ: "ತೋಟದ ಲೆಕ್ಕವನ್ನು ಈ ವರ್ಷದಿಂದ ಇಆರ್‌ಪಿಗೆ ಹಾಕಿದ್ದೇವೆ. ಕ್ಯೂರಿಂಗ್ ವರ್ಕ್ಸ್‌ಗೆ ರೋಬಸ್ಟಾ ಚೆರಿ ಕಳಿಸಿ ಆಯಿತು, ರೇಟ್ ಇನ್ನೂ ಫಿಕ್ಸ್ ಮಾಡಿಲ್ಲ. ಇನ್‌ವಾಯ್ಸ್ ಈಗಲೇ ಹಾಕಬೇಕಾ? ಯಾವ ರೇಟಿಗೆ ಹಾಕಬೇಕು?"

ಬೇಡ. ರೇಟ್ ಫಿಕ್ಸ್ ಆಗದ ಡಿಪಾಸಿಟ್ ಕಾಫಿಗೆ ಇನ್‌ವಾಯ್ಸ್ ಇಲ್ಲ. ಆ ಮೂಟೆಗಳು ಇನ್ನೂ ನಿಮ್ಮವೇ. ನಿಮ್ಮ ಗೋಡೌನ್ ಬಿಟ್ಟು ಬೇರೆಯವರ ಗೋಡೌನಿನಲ್ಲಿ ಇವೆ, ಅಷ್ಟೇ.

ಇದನ್ನು ಎಷ್ಟು ಸಲ ಬರೆದರೂ ಮಾರ್ಚ್ ಬಂತೆಂದರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಕೇಳುವವರ ತಪ್ಪಲ್ಲ. "ಲಾರಿ ಗೇಟ್ ದಾಟಿದರೆ ಕಾಫಿ ಮಾರಿದ ಹಾಗೆ" ಎಂಬ ನಂಬಿಕೆ ನಮ್ಮ ತೋಟಗಳಲ್ಲಿ ಬಲವಾಗಿ ಬೇರು ಬಿಟ್ಟಿದೆ. ಹಾಗಾಗಿ ಈ ಸಲ ಅದರ ಬುಡಕ್ಕೇ ಹೋಗೋಣ.

ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಮಂಡಳಿಯ ಪರವಾಗಿ ಅದನ್ನು ತೆಗೆದುಕೊಳ್ಳುತ್ತಿದ್ದದ್ದು ಕ್ಯೂರಿಂಗ್ ವರ್ಕ್ಸ್. ಒಮ್ಮೆ ಕೊಟ್ಟ ಮೇಲೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಹಕ್ಕಿಲ್ಲ. ಪೂಲ್‌ನಿಂದ ಕಂತಿನಲ್ಲಿ ಬರುವ ಹಣ ಮಾತ್ರ ಅವನದು. ಹೀಗೆ ಮಂಡಳಿಗೆ ಕೊಡುವುದು ಮಾರಾಟವೇ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆಗಿನ ರೈಟರ್‌ಗಳು ಲೋಡ್ ಹೋದ ದಿನವೇ ಲೆಡ್ಜರಿನಲ್ಲಿ ಮಾರಾಟ ಬರೆದದ್ದು ಸರಿಯಾಗಿಯೇ ಇತ್ತು.

ಆದರೆ 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರುಕಟ್ಟೆ ಬಂತು. ಪೂಲ್ ಹೋಯಿತು, ಲೆಡ್ಜರ್ ಬರೆಯುವ ಪದ್ಧತಿ ಮಾತ್ರ ಉಳಿಯಿತು. ಈಗ ಅದೇ ಕ್ಯೂರಿಂಗ್ ವರ್ಕ್ಸ್ ನಿಮ್ಮ ಜೊತೆ ಬೇರೆ ಬೇರೆ ಸಂಬಂಧ ಇಟ್ಟುಕೊಳ್ಳಬಹುದು. ನಿಮ್ಮ ಕಾಫಿಯನ್ನು ನೇರವಾಗಿ ಕೊಳ್ಳಬಹುದು. ಕೂಲಿಗೆ ಕ್ಯೂರಿಂಗ್ ಮಾಡಿ ವಾಪಸ್ ಕೊಡಬಹುದು. ಅಥವಾ ನೀವು ರೇಟ್ ಹೇಳುವ ತನಕ ಸುಮ್ನೆ ಇಟ್ಟುಕೊಳ್ಳಬಹುದು. ಮೂರಕ್ಕೂ ಲಾರಿ ಒಂದೇ, ಗೇಟ್ ಒಂದೇ. ಲೆಕ್ಕ ಮಾತ್ರ ಬೇರೆ.

"ದುಡ್ಡು ಬಂದಿದೆಯಲ್ಲ, ಮಾರಿದ ಹಾಗೇ ಅಲ್ವಾ?" ಎಂದು ಕೆಲವರು ವಾದಿಸುತ್ತಾರೆ. ಅಲ್ಲ. ಡಿಪಾಸಿಟ್ ಇಟ್ಟ ಕಾಫಿಯ ಮೇಲೆ ಅವರು ಕೊಡುವುದು ಮುಂಗಡ. ರೇಟ್ ಬಿದ್ದರೆ, ಕಾಫಿಯ ಬೆಲೆ ಆ ಮುಂಗಡಕ್ಕೆ ಸಾಲದೆ ಹೋದರೆ, ನೀವೇ ತುಂಬಿ ಕೊಡಬೇಕು. ಹಾಗಾಗಿ ಅದು ನೀವು ಕೊಡಬೇಕಾದ ಬಾಕಿಯ ಪಟ್ಟಿಯಲ್ಲಿ ಇರಬೇಕು, ಆದಾಯದಲ್ಲಲ್ಲ.

ಒಂದು ಲಾಟ್ ಹಿಡಿದು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಸ್ಕ್ರೀನಿನ ಹೆಸರುಗಳು `ERPNext`ನವು. ಬೇರೆ ಸಾಫ್ಟ್‌ವೇರ್‌ನಲ್ಲೂ ಇದೇ ಕೆಲಸಕ್ಕೆ ಜಾಗ ಇರುತ್ತದೆ.

ಮೂರನೇ ಬ್ಲಾಕಿನಲ್ಲಿ ಫೆಬ್ರವರಿಯಲ್ಲಿ 10,000 ಕಿಲೋ ಹಣ್ಣು ಕೊಯ್ದಿರಿ. ಕಣದಲ್ಲಿ ಒಣಗಿದ ಮೇಲೆ 4,250 ಕಿಲೋ ಚೆರಿ ಆಯಿತು, ಅಂದರೆ 50 ಕಿಲೋದ 85 ಮೂಟೆ. ಈ ಲಾಟ್‌ಗೆ `RC-B3-02` ಎಂದು ಬ್ಯಾಚ್ ನಂಬರ್ ಕೊಟ್ಟಿರಿ. ಹಣ್ಣಿನಿಂದ ಚೆರಿ ಆದದ್ದನ್ನು `Stock Entry`ಯಲ್ಲಿ `Repack` ಎಂದು ಬರೆಯಿರಿ. ಸ್ಟಾಕಿನಿಂದ ಹಣ್ಣು 10,000 ಕಿಲೋ ಹೊರಗೆ, ಸ್ಟಾಕಿಗೆ ಚೆರಿ 4,250 ಕಿಲೋ ಒಳಗೆ. ನೀರಾಗಿ ಆರಿಹೋದ ತೂಕ ನಷ್ಟವಲ್ಲ. ಅದನ್ನು ಬೇರೆ ತೋರಿಸುವ ಅಗತ್ಯವಿಲ್ಲ. ಹಣ್ಣಿಗೆ ಬಿದ್ದ ಪೂರ್ತಿ ಖರ್ಚು ಈಗ ಕಡಿಮೆ ಕಿಲೋಗಳ ಮೇಲೆ ಕೂರುತ್ತದೆ, ಅಷ್ಟೇ.

ಲೋಡ್ ಹೋಗುವ ದಿನ ಇನ್ನೊಂದು `Stock Entry`, ಈ ಸಲ `Material Transfer`. ಅದಕ್ಕೆ ಮೊದಲೇ ಕ್ಯೂರಿಂಗ್ ವರ್ಕ್ಸ್ ಹೆಸರಿನಲ್ಲಿ ಒಂದು `Warehouse` ಮಾಡಿಟ್ಟಿರಬೇಕು. ನಿಮ್ಮ ಗೋಡೌನಿನಿಂದ 4,250 ಕಿಲೋ ಅಲ್ಲಿಗೆ ಹೋಯಿತು. ಮಾರಾಟದ ಖಾತೆಯಲ್ಲಿ ಇದುವರೆಗೆ ಒಂದು ಅಕ್ಷರವೂ ಇಲ್ಲ. ಮುಂಗಡ ಬಂದರೆ `Payment Entry` ಹಾಕಿ, ಯಾವ ಬಿಲ್‌ಗೂ ಜೋಡಿಸದೆ ಬಿಡಿ.

ನಂತರ ಅವರ ರಸೀದಿ ಬರುತ್ತದೆ. ಅಲ್ಲಿ ತೂಕ 4,230 ಕಿಲೋ ಎಂದಿದೆ. 20 ಕಿಲೋ ಕಡಿಮೆ. ಸಾಮಾನ್ಯವಾಗಿ ಇದು ತೇವಾಂಶದ ವ್ಯತ್ಯಾಸ ಅಥವಾ ತೂಕದ ಯಂತ್ರಗಳ ವ್ಯತ್ಯಾಸ. ಅದನ್ನು ಅದೇ ಬ್ಯಾಚಿನಿಂದ `Material Issue` ಮಾಡಿ ಕೊರತೆ ಖಾತೆಗೆ ಹಾಕಿ. ಒಂದು ಲೋಡಿಗೆ ಇದು ಚಿಕ್ಕದು. ಆದರೆ ಪ್ರತಿ ಲೋಡಿನಲ್ಲೂ ಒಂದೇ ಪ್ರಮಾಣದಲ್ಲಿ ಕಡಿಮೆ ಬರುತ್ತಿದ್ದರೆ ನಿಮ್ಮ ತಕ್ಕಡಿಯನ್ನೋ ಕಣದ ಒಣಗಿಸುವಿಕೆಯನ್ನೋ ನೋಡಬೇಕು. ಕೊರತೆಗೆ ಬೇರೆ ಖಾತೆ ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಸ್ಯಾಂಪಲ್ ತೆಗೆದು ನೋಡಿದಾಗ ಔಟ್ ಟರ್ನ್ 25.5 ಬಂತು. ನೀವು 26 ಎಂದುಕೊಂಡಿದ್ದಿರಿ. ಔಟ್ ಟರ್ನ್ ಅಂದರೆ 50 ಕಿಲೋ ಚೆರಿ ಸಿಪ್ಪೆ ಸುಲಿದರೆ ಸಿಗುವ ಬೀಜದ ಕಿಲೋ. ಆ ಒಂದೊಂದು ಕಿಲೋವೇ ಒಂದು ಪಾಯಿಂಟ್, ಅಂದರೆ ಪಾಯಿಂಟ್ ರೇಟ್ ಎನ್ನುವುದು ಒಂದು ಕಿಲೋ ಬೀಜದ ರೇಟೇ. ಇದನ್ನು ಒಮ್ಮೆ ತಲೆಗೆ ಹಾಕಿಕೊಂಡರೆ ಕ್ಯೂರಿಂಗ್ ವರ್ಕ್ಸ್‌ನ ಪಟ್ಟಿ ಓದುವುದು ಸಲೀಸು. ಔಟ್ ಟರ್ನ್ ಅನ್ನು ಬ್ಯಾಚಿನ ಜೊತೆಗೇ ಒಂದು ಫೀಲ್ಡಿನಲ್ಲಿ ಬರೆದಿಡಿ.

ಮೇ ತಿಂಗಳಲ್ಲಿ ಪಾಯಿಂಟ್‌ಗೆ 370 ರೂಪಾಯಿಗೆ ರೇಟ್ ಫಿಕ್ಸ್ ಮಾಡಿದಿರಿ. ಇನ್‌ವಾಯ್ಸ್ ಹಾಕುವ ದಿನ ಅದು. ಸ್ಟಾಕ್ ಕಿಲೋದಲ್ಲಿ ಇರುವುದರಿಂದ ರೇಟನ್ನೂ ಕಿಲೋಗೆ ತರಬೇಕು:

```
rate_per_kg = OT * point_rate / 50
25.5 * 370 / 50 = 188.70
4230 * 188.70   = 798201
```

`Sales Invoice`ನಲ್ಲಿ `Update Stock` ಟಿಕ್ ಮಾಡಿ, ಕ್ಯೂರಿಂಗ್ ವರ್ಕ್ಸ್ ವೇರ್‌ಹೌಸ್‌ನಿಂದ ಇದೇ ಬ್ಯಾಚ್ ಆರಿಸಿ. `Get Advances Received` ಒತ್ತಿದರೆ ಹಿಂದಿನ ಮುಂಗಡ ಬಂದು ಕೂರುತ್ತದೆ, ಉಳಿದದ್ದು ಬರಬೇಕಾದ ಬಾಕಿ.

ಈಗ ಹಳೇ ಪದ್ಧತಿಯಲ್ಲಿ ಏನಾಗುತ್ತಿತ್ತು ನೋಡಿ. ಮಾರ್ಚ್‌ನಲ್ಲಿ ಲೋಡ್ ಹೋದ ದಿನವೇ 85 ಮೂಟೆ, 26 ಔಟ್ ಟರ್ನ್, ಆ ದಿನದ 400 ರೂಪಾಯಿ ರೇಟ್ ಎಂದು ಬರೆದರೆ 8,84,000 ರೂಪಾಯಿ ಮಾರಾಟ. ನಿಜವಾಗಿ ಬಂದದ್ದು 7,98,201. ಸುಮಾರು 86 ಸಾವಿರ ರೂಪಾಯಿ ಬರೀ ಊಹೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಾರಾಟ ಆದದ್ದು ಮೇ ತಿಂಗಳಲ್ಲಿ, ಆದಾಯ ತೋರಿಸಿದ್ದು ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ. ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೇ ಹಣಕಾಸು ವರ್ಷ ಮುಗಿಯುತ್ತದೆ. ಆದ್ದರಿಂದ ಈ ತಪ್ಪು ಒಂದು ಲೋಡಿಗಲ್ಲ, ಬಹುಪಾಲು ಬೆಳೆಗೇ ಆಗುತ್ತದೆ. ನಿಮ್ಮ ಲೆಕ್ಕದಲ್ಲಿ ಪ್ರತಿ ವರ್ಷ ಏಪ್ರಿಲ್ ನಂತರ ಕ್ಯೂರಿಂಗ್ ವರ್ಕ್ಸ್ ಹೆಸರಿಗೆ ಕ್ರೆಡಿಟ್ ನೋಟ್‌ಗಳ ಸಾಲು ಕಾಣುತ್ತಿದ್ದರೆ ಇದೇ ಕಾಯಿಲೆ ಎಂದು ತಿಳಿಯಿರಿ.

ಮಾರ್ಚ್ 31ರ ದಿನಾಂಕಕ್ಕೆ ಕ್ಯೂರಿಂಗ್ ವರ್ಕ್ಸ್‌ನಿಂದ ಸ್ಟಾಕ್ ದೃಢೀಕರಣ ಪತ್ರ ತರಿಸಿ. ಆ ವೇರ್‌ಹೌಸ್‌ನ ಬ್ಯಾಲೆನ್ಸ್ ಜೊತೆ ಲಾಟ್ ಲಾಟಿಗೆ ಹೊಂದಿಸಿ. ಹೊಂದದಿದ್ದರೆ ಏಪ್ರಿಲ್‌ನಲ್ಲೇ ಕೇಳಿ, ಸೆಪ್ಟೆಂಬರ್‌ನಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಇನ್‌ವಾಯ್ಸ್ ಅದೇ ದಿನ ಹಾಕಬೇಕಾದ ಸಂದರ್ಭವೂ ಇದೆ. ಖರೀದಿದಾರ ಕಣಕ್ಕೇ ಬಂದು ತೂಕ ಮಾಡಿ, ಔಟ್ ಟರ್ನ್ ನೋಡಿ, ರೇಟ್ ಹೇಳಿ ಮೂಟೆ ಎತ್ತಿಕೊಂಡು ಹೋದರೆ ಅದು ಮಾರಾಟ, ಬೇರೆ ಮಾತಿಲ್ಲ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಕೆಲವು ರಸೀದಿಗಳ ಷರತ್ತಿನಲ್ಲಿ, ರೇಟ್ ಫಿಕ್ಸ್ ಆಗುವ ಮೊದಲೇ ನಿಮ್ಮ ಕಾಫಿಯನ್ನು ಬೇರೆಯವರದ್ದರ ಜೊತೆ ಬೆರೆಸಿ ಮಾರಬಹುದು ಎಂದಿರುತ್ತದೆ. ಆಗ ಅದು ಡಿಪಾಸಿಟ್ ಅಲ್ಲ. ಬೆಲೆಯನ್ನು ಮುಂದೆ ಒಪ್ಪಿದ ರೀತಿಯಲ್ಲಿ ನಿಗದಿ ಮಾಡುವ ಮಾರಾಟಕ್ಕೂ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಅವಕಾಶ ಇದೆ. ಅಂಥ ಕಡೆ ಮಾರ್ಚ್ 31ರ ರೇಟಿಗೆ ತಾತ್ಕಾಲಿಕವಾಗಿ ಆದಾಯ ಬರೆದು, ಫಿಕ್ಸ್ ಆದಾಗ ವ್ಯತ್ಯಾಸ ಸರಿ ಮಾಡಬೇಕಾಗುತ್ತದೆ. ಆದ್ದರಿಂದ ಲಾರಿ ನೋಡಬೇಡಿ, ರಸೀದಿ ಓದಿ. ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನೂ ಓದಿ, ಆಡಿಟರ್‌ಗೂ ಅದನ್ನೇ ತೋರಿಸಿ.

ಇಲ್ಲಿಗೆ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ ಇನ್ನೊಂದು ವಿಷಯ ಇದೆ. ಇಷ್ಟೆಲ್ಲ ಮಾಡಿ ಸ್ಟಾಕ್ ನಿಮ್ಮದೆಂದು ಇಟ್ಟುಕೊಂಡಿರಿ. ಆ ಸ್ಟಾಕಿನ ಖರ್ಚು ಎಷ್ಟು? ಅದರಲ್ಲಿ ದೊಡ್ಡ ಪಾಲು ಕೊಯ್ಲಿನ ಕೂಲಿ. ಅದು ಲಾಟ್‌ಗೆ ಸರಿಯಾಗಿ ಬೀಳದಿದ್ದರೆ ಬ್ಯಾಚ್ ನಂಬರ್ ಬರೀ ಅಲಂಕಾರ.

ಚೆಕ್‌ರೋಲ್‌ನಲ್ಲಿ ಹೆಸರು ಮತ್ತು ಕಿಲೋ ಬರೆಯುತ್ತೀರಿ. ಬ್ಲಾಕ್ ಕೂಡ ಬರೆಯಿರಿ. ಸಂಜೆ ಹಣ್ಣು ತೂಗುವಾಗ ಅದು ಒಂದು ಕಾಲಮ್ ಜಾಸ್ತಿ, ಅಷ್ಟೇ. ಕಿಲೋಗೆ 6 ರೂಪಾಯಿ ಎಂದಿಟ್ಟುಕೊಂಡರೆ ನಮ್ಮ ಲಾಟ್‌ಗೆ 60,000 ರೂಪಾಯಿ ಕೊಯ್ಲು ಕೂಲಿ. ಕಳೆ, ಗೊಬ್ಬರ, ನೆರಳು ಕಸಿಯ ಕೂಲಿಯನ್ನು ಇದಕ್ಕೆ ಸೇರಿಸಬೇಡಿ. ಅದು ಇಡೀ ಬ್ಲಾಕಿನ ವರ್ಷದ ಖರ್ಚು, ಕೊನೆಗೆ ಕಿಲೋ ಲೆಕ್ಕದಲ್ಲಿ ಲಾಟ್‌ಗಳಿಗೆ ಹಂಚಿ.

ಕೊನೆಯ ಕೊಯ್ಲಿನಲ್ಲಿ ಗಿಡದಲ್ಲಿ ಹಣ್ಣು ತೆಳ್ಳಗೆ. ದಿನವಿಡೀ ಕೊಯ್ದರೂ ಒಬ್ಬರಿಗೆ 40 ಕಿಲೋ ಸಿಕ್ಕಿತು ಎಂದರೆ ಕಿಲೋ ಲೆಕ್ಕದಲ್ಲಿ 240 ರೂಪಾಯಿ. ಅದು ದಿನದ ಕನಿಷ್ಠ ಕೂಲಿಗೆ ಸಾಲದು, ಮಿಕ್ಕದ್ದನ್ನು ತೋಟ ತುಂಬಿ ಕೊಡಲೇಬೇಕು. ಆ ಹೆಚ್ಚಿನ ಹಣವೂ ಅದೇ ಲಾಟ್‌ಗೆ ಹೋಗಲಿ. ಆಗ ಕೊನೆಯ ಲಾಟ್‌ನ ಕಿಲೋ ಖರ್ಚು ಮೊದಲಿನವುಗಳಿಗಿಂತ ಎಷ್ಟು ಜಾಸ್ತಿ ಎಂದು ನಿಮಗೇ ಕಾಣುತ್ತದೆ.

ಮೇಸ್ತ್ರಿ ಮೂಲಕ ಕೊಯ್ಲಿಗೆ ಮುಂಚೆ ಕೊಟ್ಟ ಮುಂಗಡವನ್ನು ಕೂಲಿ ಎಂದು ಬರೆಯಬೇಡಿ. ಅದು ಆ ಕಾರ್ಮಿಕರಿಂದ ಬರಬೇಕಾದ ಹಣ. ವಾರದ ಬಟವಾಡೆಯಲ್ಲಿ ಪೂರ್ತಿ ಕೂಲಿಯನ್ನು ಲಾಟ್‌ಗೆ ಹಾಕಿ, ಕಡಿತವನ್ನು ಮುಂಗಡ ಖಾತೆಗೆ ಜಮಾ ಮಾಡಿ. ಕೊಟ್ಟಾಗಲೂ ಕೂಲಿ, ಚೆಕ್‌ರೋಲ್ ಹಾಕಿದಾಗಲೂ ಕೂಲಿ ಎಂದು ಬರೆದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ. ಕೊಯ್ಲು ಮುಗಿದು ಜನ ಊರಿಗೆ ಹೊರಡುವ ದಿನ ಮುಂಗಡ ಖಾತೆಯ ಬ್ಯಾಲೆನ್ಸ್ ತೆಗೆದು ನೋಡಿ. ಅಲ್ಲಿ ಉಳಿದದ್ದು ಯಾರ ಯಾರ ಹೆಸರಿಗೆ ಇದೆ ಎಂದು ಮೇಸ್ತ್ರಿ ಎದುರಿಗೇ ಓದಿ ಹೇಳಿ, ಅವತ್ತೇ ಇತ್ಯರ್ಥ ಮಾಡಿ.