1891ರ ಹನ್ನೆರಡು, 1894ರ ಎಂಟು: ಬಾಲ್ಯವಿವಾಹದ ಕಾನೂನುಗಳಿಗೆ ವಿರೋಧ ಬಂದದ್ದೇಕೆ

ಹತ್ತೊಂಬತ್ತನೇ ಶತಮಾನದ ಸಮಾಜ ಸುಧಾರಣೆ ಅಂದರೆ ಸತಿ ನಿಷೇಧ (1829), ವಿಧವಾ ಪುನರ್ವಿವಾಹ ಕಾಯ್ದೆ (1856), ಬ್ರಹ್ಮ ಸಮಾಜ, ಪ್ರಾರ್ಥನಾ ಸಮಾಜ, ಆರ್ಯ ಸಮಾಜ. ಇಸವಿಗಳು ಎಲ್ಲ ಗೈಡ್‌ಗಳಲ್ಲೂ ಇವೆ, ಇಲ್ಲಿ ಬೇಡ. ಮೈಸೂರು ಸೀಮೆಯವರಿಗೆ ಪರೀಕ್ಷೆಯಲ್ಲಿ ಪದೇಪದೇ ಎದುರಾಗುವ, ಪದೇಪದೇ ತಪ್ಪಾಗುವ ಜೋಡಿ ಬೇರೆ: ಬ್ರಿಟಿಷ್ ಭಾರತದ 1891ರ ಸಮ್ಮತಿ ವಯಸ್ಸಿನ ಕಾಯ್ದೆ ಮತ್ತು ಮೈಸೂರು ಸಂಸ್ಥಾನದ 1894ರ ಶಿಶುವಿವಾಹ ನಿಷೇಧ ರೆಗ್ಯುಲೇಷನ್. ಹುಡುಗಿಯ ವಯಸ್ಸಿನ ಮಿತಿ ಮೊದಲನೆಯದರಲ್ಲಿ 12, ಎರಡನೆಯದರಲ್ಲಿ 8. ಅದನ್ನು ನೋಡಿ ‘ಮೈಸೂರು ಹಿಂದುಳಿದಿತ್ತು’ ಎಂದು ಬರೆದರೆ ಉತ್ತರ ಅಲ್ಲಿಗೇ ಕೆಟ್ಟಿತು.

ಈ ಗೊಂದಲ ಬಿಡಿಸಲು ಆಗಿನ ಮದುವೆ ಹೇಗೆ ನಡೆಯುತ್ತಿತ್ತು ಅನ್ನುವುದು ಗೊತ್ತಿರಬೇಕು. ಬ್ರಾಹ್ಮಣರಲ್ಲಿ ಮತ್ತು ಅವರ ರೂಢಿ ಹಿಡಿದ ಮನೆಗಳಲ್ಲಿ ಅದು ಎರಡು ಹಂತದ್ದು. ಹುಡುಗಿ ಮೈನೆರೆಯುವ ಮೊದಲೇ ಧಾರೆ ಎರೆದು ಕೊಡುತ್ತಿದ್ದರು. ಶಾಸ್ತ್ರದ ಪ್ರಕಾರ, ಊರಿನ ಕಣ್ಣಿನಲ್ಲಿ, ಕೋರ್ಟಿನಲ್ಲಿ ಕೂಡ ಅದು ಪೂರ್ತಿ ಮದುವೆಯೇ. ಆದರೆ ಹುಡುಗಿ ತವರಿನಲ್ಲೇ ಉಳಿಯುತ್ತಿದ್ದಳು. ಮೈನೆರೆದ ಮೇಲೆ ಗರ್ಭಾಧಾನ, ಅಂದರೆ ಪ್ರಸ್ತ ಮಾಡಿ ಗಂಡನ ಮನೆಗೆ ಕಳಿಸುತ್ತಿದ್ದರು. ಮೊದಲ ಹಂತಕ್ಕೂ ಎರಡನೆಯದಕ್ಕೂ ನಡುವೆ ವರ್ಷಗಳೇ ಕಳೆಯಬಹುದಿತ್ತು. ಅಷ್ಟರಲ್ಲಿ ಗಂಡ ಸತ್ತರೆ ಆ ಮಗು ವಿಧವೆ.

1891ರ ಕಾಯ್ದೆ ಮುಟ್ಟಿದ್ದು ಎರಡನೆಯ ಹಂತವನ್ನು ಮಾತ್ರ. ಮದುವೆ ಯಾವ ವಯಸ್ಸಿನಲ್ಲಾದರೂ ಮಾಡಿ, ತೊಟ್ಟಿಲಲ್ಲೇ ಮಾಡಿ, ಆ ಕಾಯ್ದೆಗೆ ಅದರ ಗೊಡವೆ ಇಲ್ಲ. ಹೆಂಡತಿಗೆ 12 ತುಂಬುವ ಮೊದಲು ಗಂಡ ದೇಹಸಂಪರ್ಕ ಮಾಡಿದರೆ ಅತ್ಯಾಚಾರ ಎಂದಿತು, ಅಷ್ಟೇ. 1894ರ ಮೈಸೂರಿನ ರೆಗ್ಯುಲೇಷನ್ ಕೈಹಾಕಿದ್ದು ಮೊದಲ ಹಂತಕ್ಕೇ: 8 ತುಂಬದ ಹುಡುಗಿಯ ಮದುವೆ ಮಾಡಿಸುವುದೇ ಅಪರಾಧ. ಹಾಗಾಗಿ 12 ಮತ್ತು 8 ಒಂದೇ ಅಳತೆಗೋಲಿನ ಅಂಕಿಗಳಲ್ಲ. ಟಿಪ್ಪಣಿಯಲ್ಲಿ ಹೀಗೆ ಬರೆದಿಟ್ಟುಕೊಂಡರೆ ಮರೆಯುವುದಿಲ್ಲ: 91 ಪ್ರಸ್ತಕ್ಕೆ, 94 ಧಾರೆಗೆ.

12 ಎಲ್ಲಿಂದ ಬಂತು ಎನ್ನುವುದಕ್ಕೆ ಬಂಗಾಳದ ಫುಲ್‌ಮೋನಿ ದಾಸಿಯ ಪ್ರಕರಣ ನೋಡಬೇಕು. ಸುಮಾರು ಹತ್ತು-ಹನ್ನೊಂದರ ಹುಡುಗಿ, ಅವಳಿಗಿಂತ ಎಷ್ಟೋ ದೊಡ್ಡವನಾದ ಗಂಡ ಹರಿ ಮೈತಿಯ ಬಲವಂತದಿಂದ ಗಾಯಗೊಂಡು ಸತ್ತಳು. ವಿಚಾರಣೆ ನಡೆದದ್ದು 1890ರಲ್ಲಿ. ಆಗ ಜಾರಿಯಲ್ಲಿದ್ದ 1860ರ ದಂಡ ಸಂಹಿತೆಯಲ್ಲಿ ಮಿತಿ 10 ವರ್ಷ. ಹುಡುಗಿಗೆ ಹತ್ತು ದಾಟಿದ್ದರಿಂದ ಅತ್ಯಾಚಾರದ ಕಲಮು ಹೂಡಲು ಬರಲಿಲ್ಲ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ ಆರೋಪದಲ್ಲಿ ಹರಿ ಮೈತಿಗೆ ಒಂದು ವರ್ಷದ ಕಠಿಣ ಶಿಕ್ಷೆ ಆಯಿತು. ಒಂದು ಅಂಕಿಯಿಂದಾಗಿ ಕೊಲೆಗೆ ಹತ್ತಿರದ ಕೃತ್ಯ ಅಜಾಗರೂಕತೆಯ ಲೆಕ್ಕಕ್ಕೆ ಇಳಿಯಿತು. ಮುಂಬೈಯ ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ ಬಾಲ್ಯವಿವಾಹದ ವಿರುದ್ಧ 1884ರಿಂದ ಬರೆಯುತ್ತಿದ್ದ ಮಾತಿಗೆ ಈಗ ತೂಕ ಬಂತು. 1891ರ ಮಾರ್ಚ್‌ನಲ್ಲಿ 10 ಹೋಗಿ 12 ಬಂತು.

ಇನ್ನು ವಿರೋಧ. ‘ಸಂಪ್ರದಾಯವಾದಿಗಳು ವಿರೋಧಿಸಿದರು’ ಎಂಬ ಒಂದೇ ಸಾಲಿಗೆ ಅಂಕ ಸಿಗುವುದಿಲ್ಲ, ಸಿಗಲೂ ಬಾರದು. 1891ರ ಗಲಾಟೆಯಲ್ಲಿ ಕನಿಷ್ಠ ಎರಡು ಬೇರೆಬೇರೆ ವಾದಗಳಿದ್ದವು. ಮೊದಲನೆಯದು ಬಂಗಾಳದ ಪಂಡಿತರದ್ದು. ಮೊದಲ ಋತುವಿನ ಕೂಡಲೇ ಗರ್ಭಾಧಾನ ಮಾಡದಿದ್ದರೆ ದೋಷ ಎಂಬುದು ಅವರ ನಂಬಿಕೆ. ಹನ್ನೊಂದಕ್ಕೇ ಮೈನೆರೆದ ಹುಡುಗಿಯ ಗಂಡ ಶಾಸ್ತ್ರ ಪಾಲಿಸಿದರೆ ಜೈಲು, ಕಾನೂನು ಪಾಲಿಸಿದರೆ ಪಾಪ. ಧರ್ಮದಲ್ಲಿ ಕೈಹಾಕುವುದಿಲ್ಲ ಎಂದು 1858ರ ರಾಣಿಯ ಘೋಷಣೆಯಲ್ಲಿ ಹೇಳಿದ್ದನ್ನು ಸರ್ಕಾರ ಮುರಿಯಿತು ಎಂಬ ಆರೋಪ ಹುಟ್ಟಿದ್ದು ಇಲ್ಲಿಂದ.

ಎರಡನೆಯದು ತಿಲಕರದ್ದು. ಇಲ್ಲೇ ಬಹಳ ಜನ ಎಡವುವುದು, ಯಾಕೆಂದರೆ ತಿಲಕರನ್ನು ಬಾಲ್ಯವಿವಾಹದ ಸಮರ್ಥಕ ಎಂದು ಬರೆದುಬಿಡುತ್ತಾರೆ. ಸುಧಾರಣೆ ಬೇಕೆನ್ನುವವರು ಹುಡುಗಿಗೆ 16, ಹುಡುಗನಿಗೆ 20 ಆಗುವವರೆಗೆ ಮದುವೆ ಮಾಡುವುದಿಲ್ಲ ಎಂದು ಮೊದಲು ತಾವೇ ಪ್ರತಿಜ್ಞೆ ಮಾಡಲಿ ಎಂದು ಸವಾಲು ಹಾಕಿದ್ದು ಅವರೇ. ಕಾಯ್ದೆಯ 12ಕ್ಕಿಂತ ಇದು ಎಷ್ಟೋ ಮುಂದಿನ ಅಂಕಿ. ಅವರ ತಕರಾರು ಇದ್ದದ್ದು ನಮ್ಮ ಮನೆಯೊಳಗಿನ ವಿಷಯಕ್ಕೆ ಪರದೇಶದ ಸರ್ಕಾರ ಪೊಲೀಸರನ್ನು ಕಳಿಸುವುದರ ಬಗ್ಗೆ. ಇದನ್ನು ಪೂರ್ತಿ ಒಪ್ಪಬೇಕಾಗಿಲ್ಲ. ರುಖ್ಮಾಬಾಯಿ ಹನ್ನೊಂದಕ್ಕೆ ಮಾಡಿದ ಮದುವೆಯ ಗಂಡನ ಬಳಿ ಬಾಳಲಾರೆ ಎಂದಾಗ ತಿಲಕರು ನಿಂತದ್ದು ಗಂಡನ ಪರ. ಅಂದರೆ ‘ಒಳಗಿನಿಂದ ಸುಧಾರಣೆ’ ಎನ್ನುವ ವಾದದಲ್ಲಿ ಹುಡುಗಿಯ ಮಾತಿಗೆ ಜಾಗ ಕಡಿಮೆಯೇ ಇತ್ತು.

ಮೈಸೂರಿನ ಪ್ರಕರಣ ಬೆಲೆಬಾಳುವುದು ಇಲ್ಲಿ. ಇಲ್ಲಿ ಸಿಂಹಾಸನದ ಮೇಲಿದ್ದವರು ಚಾಮರಾಜೇಂದ್ರ ಒಡೆಯರು, ದಿವಾನರು ಶೇಷಾದ್ರಿ ಅಯ್ಯರ್. ಮೇಲೆ ಬ್ರಿಟಿಷರ ಪರಮಾಧಿಕಾರ ಇತ್ತು, ನಿಜ; ಆದರೂ ‘ಪರದೇಶದವರು ಮಾಡಿದ ಕಾನೂನು’ ಎಂಬ ವಾದ ಇಲ್ಲಿ ಅಷ್ಟಾಗಿ ನಡೆಯುವಂತಿರಲಿಲ್ಲ. ಆದರೂ ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಆಕ್ಷೇಪಗಳು ಎದ್ದವು. ವಿದೇಶಿ ಆಳ್ವಿಕೆಯ ಪ್ರಶ್ನೆ ಹಿಂದೆ ಸರಿದ ಮೇಲೂ ಉಳಿಯುವ ವಿರೋಧ ಯಾವುದು? ಶಾಸ್ತ್ರ, ಜಾತಿಯೊಳಗಿನ ಮರ್ಯಾದೆ, ಮೈನೆರೆದ ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆಗೆ ಊರು ಆಡುವ ಮಾತು. 1881ರಲ್ಲಿ ಆಗಿನ ದಿವಾನ ರಂಗಾಚಾರ್ಲು ಕಟ್ಟಿದ ಈ ಸಭೆಗೆ ಅಭಿಪ್ರಾಯ ಹೇಳುವ ಹಕ್ಕಿತ್ತು, ಕಾನೂನು ತಡೆಯುವ ಹಕ್ಕಿರಲಿಲ್ಲ. ಶಾಸನ ಸಭೆ ಬಂದದ್ದು 1907ರಲ್ಲಿ. ಹಾಗಾಗಿ ಆಕ್ಷೇಪದ ನಡುವೆಯೂ ರೆಗ್ಯುಲೇಷನ್ ಜಾರಿಗೆ ಬಂತು.

ವಿರೋಧದ ಗುರುತು ಮಾತ್ರ ಆ 8ರಲ್ಲೇ ಉಳಿದಿದೆ ಎಂದು ಓದಬಹುದು. ಎಂಟಕ್ಕೆ ಗೌರಿ, ಒಂಬತ್ತಕ್ಕೆ ರೋಹಿಣಿ, ಹತ್ತಕ್ಕೆ ಕನ್ಯೆ, ಆಮೇಲೆ ರಜಸ್ವಲೆ ಎಂದು ಸ್ಮೃತಿಯ ಪ್ರಸಿದ್ಧ ಶ್ಲೋಕ ಲೆಕ್ಕ ಹಾಕುತ್ತದೆ. ಲೆಕ್ಕ ಶುರುವಾಗುವುದೇ ಎಂಟರಿಂದ. 8ರ ಕೆಳಗಿನ ಮದುವೆ ನಿಲ್ಲಿಸಿದರೆ ಈ ಶ್ಲೋಕ ಹಿಡಿದು ಬಂದ ವೈದಿಕನಿಗೂ ವಾದ ಹೂಡುವುದು ಕಷ್ಟ. 12 ಎಂದಿದ್ದರೆ ಮೈನೆರೆಯುವ ಮೊದಲು ಧಾರೆ ಎರೆಯುವ ಪದ್ಧತಿಗೇ ಪೆಟ್ಟು ಬೀಳುತ್ತಿತ್ತು.

ಅದೇ ರೆಗ್ಯುಲೇಷನ್ನಿನ ಇನ್ನೊಂದು ಭಾಗವನ್ನು ಗೈಡ್‌ಗಳು ಬಿಟ್ಟುಬಿಡುತ್ತವೆ, ಅದೇ ಹೆಚ್ಚು ಧೈರ್ಯದ್ದು: 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಹೆಂಡತಿ ಸತ್ತ ಮುದುಕರ ಎರಡನೆಯ, ಮೂರನೆಯ ಸಂಬಂಧಗಳೇ ಇದರ ಗುರಿ. ವಿಧವೆಗೆ ಮರುಮದುವೆ ಒಪ್ಪದ ಜಾತಿಗಳಲ್ಲಿ ಅಂಥ ಹುಡುಗಿ ಇಪ್ಪತ್ತಕ್ಕೆ ಮೊದಲೇ ವಿಧವೆಯಾಗಿ ಉಳಿದ ಬದುಕನ್ನೆಲ್ಲ ಹಾಗೇ ಕಳೆಯಬೇಕಿತ್ತು. ‘ಕೂಡಿಕೆ’ ರೂಢಿಯಲ್ಲಿದ್ದ ಸಮುದಾಯಗಳಲ್ಲಿ ವಿಧವೆಗೆ ಮತ್ತೊಂದು ಸಂಬಂಧ ಸಾಧ್ಯವಿತ್ತು. 1856ರ ಕಾಯ್ದೆಯಾಗಲಿ ಈ ಚರ್ಚೆಯಾಗಲಿ ಮುಖ್ಯವಾಗಿ ಮೇಲ್ಜಾತಿಗಳ ಮನೆಯೊಳಗಿನದ್ದು ಎಂಬುದನ್ನು ಉತ್ತರದಲ್ಲಿ ಒಂದು ಸಾಲಾದರೂ ಬರೆಯಿರಿ.

ಜಾರಿಯ ಕಡೆ ಎರಡೂ ಕಾನೂನುಗಳಿಗೆ ಒಂದೇ ತೊಡಕು: ವಯಸ್ಸಿಗೆ ಪುರಾವೆ. ಎಲ್ಲ ಹಳ್ಳಿಗಳಲ್ಲೂ ನಂಬಬಹುದಾದ ಜನನ ದಾಖಲೆ ಇರದ ಕಾಲದಲ್ಲಿ ಜಾತಕ ಇರುತ್ತಿದ್ದದ್ದು ಮದುವೆ ಮಾಡಿಸುವವರ ಪೆಟ್ಟಿಗೆಯಲ್ಲೇ. ಇನ್ನು ಗಡಿ: ಅದರಾಚೆ ಮೈಸೂರಿನ ರೆಗ್ಯುಲೇಷನ್ ನಡೆಯುತ್ತಿರಲಿಲ್ಲ. ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಮದುವೆಗೇ ವಯಸ್ಸಿನ ಮಿತಿ, ಹುಡುಗಿಗೆ 14, ಹುಡುಗನಿಗೆ 18, ಬಂದದ್ದು 1929ರ ಶಾರದಾ ಕಾಯ್ದೆಯಿಂದ. ಮೈಸೂರಿನ ರೆಗ್ಯುಲೇಷನ್ ಬಂದು ಆಗಲೇ 35 ವರ್ಷವಾಗಿತ್ತು.